ತಲೆ ತಗ್ಗಿಸುವ ವಿದ್ಯೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಓದದ ಹುಡುಗರನ್ನು ಹೆದರಿಸಲು ಅದು ಒಳ್ಳೆಯ ಆಯುಧ. ಅದೇ ಗಾದೆ ಒಂದು ದಿನ ನನ್ನ ಕಡೆಗೇ ತಿರುಗಿ ನಿಂತಿತು. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಈಜು ಕಲಿಯಲು ಹೊರಟೆ. ಆಗ ಪಟ್ಟ ನಾಚಿಕೆಯನ್ನೂ, ಆ ನಾಚಿಕೆಗೂ ನೀರಿಗೂ ಇರುವ ಒಂದು ವಿಚಿತ್ರವಾದ ನಂಟನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ತಿಳಿವಳಿಕೆ ಬರುವ ಮೊದಲೇ ನನ್ನ ಅಣ್ಣನೊಬ್ಬ ಊರ ಕೆರೆಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ನಮ್ಮ ತಾಯಿಗೆ ನೀರೆಂದರೆ ಮೃತ್ಯು. ಕೆರೆಯ ಏರಿಯನ್ನು ದಾಟಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಓರಗೆಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕುವಾಗ ನಾನು ದಡದಲ್ಲಿ ಕುಳಿತು ಅವರ ಬಟ್ಟೆ ಕಾಯುತ್ತಿದ್ದೆ. ಹಾಗೆಯೇ ಅರ್ಧ ಶತಮಾನ ಕಳೆಯಿತು. ಒಂದು ಮಾಘಮಾಸದಲ್ಲಿ ತಾಯಿ ತೀರಿಕೊಂಡರು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ದೆವು. ಕಾವೇರಿ ಸೊಂಟದವರೆಗೆ ಇದ್ದಳು, ಅಷ್ಟೆ. ಪುರೋಹಿತರು, ‘ಮೂರು ಸಲ ಮುಳುಗಿ ಏಳಿ’ ಎಂದರು. ನನ್ನಿಂದ ಆಗಲಿಲ್ಲ. ಗಲ್ಲಕ್ಕೆ ನೀರು ತಾಕುತ್ತಲೇ ಕತ್ತು ತಾನಾಗಿ ಸೆಟೆದುಕೊಳ್ಳುತ್ತಿತ್ತು. ನನ್ನ ಅವಸ್ಥೆಯನ್ನು ಕಂಡ ಅವರು, ‘ಪರವಾಗಿಲ್ಲ, ಚೊಂಬಿನಲ್ಲಿ ಹೊಯ್ದುಕೊಳ್ಳಿ’ ಎಂದರು. ದಡಕ್ಕೆ ಬಂದಾಗ ಏಳು ವರ್ಷದ ಮೊಮ್ಮಗ, ‘ತಾತ, ನೀನ್ಯಾಕೆ ಮುಳುಗಲಿಲ್ಲ?’ ಎಂದು ಕೇಳಿದ. ಉತ್ತರ ಹೇಳಲಾರದೆ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ನಿಂತೆ.

ಮುಂದಿನ ಬೇಸಿಗೆಯಲ್ಲಿ ಊರಿನ ಈಜುಕೊಳಕ್ಕೆ ಹೆಸರು ಕೊಟ್ಟೆ. ಬೆಳಗಿನ ಆರೂವರೆಯ ತಂಡ. ಹದಿನಾಲ್ಕು ಮಂದಿಯಲ್ಲಿ ಹದಿಮೂರು ಮಂದಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಹದಿನಾಲ್ಕನೆಯವನು, ಚಡ್ಡಿಯ ಮೇಲೆ ಹೊಟ್ಟೆಯನ್ನೂ ಬೋಳುತಲೆಯ ಮೇಲೆ ರಬ್ಬರಿನ ಟೋಪಿಯನ್ನೂ ಹೊತ್ತು, ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ನಿಂತಿದ್ದವನು, ನಾನು. ಇದು ಸಾಲದೆಂಬಂತೆ ಕಲಿಸುವ ತರುಣ ನನ್ನ ಹಳೆಯ ವಿದ್ಯಾರ್ಥಿಯಾಗಿದ್ದ. ಕನ್ನಡ ಪತ್ರಿಕೆಯಲ್ಲಿ ನಾನು ಅವನಿಗೆ ನೂರಕ್ಕೆ ಹದಿನೆಂಟು ಅಂಕ ಕೊಟ್ಟದ್ದು ಇಬ್ಬರಿಗೂ ನೆನಪಿತ್ತು. ಅವನು ಮಾತ್ರ, ‘ಬನ್ನಿ ಸಾರ್, ನಿಧಾನವಾಗಿ ಇಳಿಯಿರಿ’ ಎಂದು ಕೈ ನೀಡಿದ.

ಮೊದಲ ವಾರ ಈಜು ಎಂಬ ಮಾತೇ ಇರಲಿಲ್ಲ. ಎದೆಮಟ್ಟದ ನೀರಿನಲ್ಲಿ ಅಂಚು ಹಿಡಿದು ನಿಂತು ನೀರೊಳಗೆ ಉಸಿರು ಬಿಡುವುದು, ಇಷ್ಟೇ ಪಾಠ. ಹೀಗೇಕೆಂದು ನನಗೆ ಆಗ ತಿಳಿಯಲಿಲ್ಲ; ಈಗ ತಿಳಿದಿದೆ. ನೀರಿಗೆ ಹೆದರುವವನು ಮೊದಲು ಮಾಡುವ ಕೆಲಸ ಉಸಿರನ್ನು ಬಿಗಿಹಿಡಿಯುವುದು. ಉಸಿರು ಕಟ್ಟಿದಾಗ ನಮಗಾಗುವ ತಳಮಳಕ್ಕೆ ಆಮ್ಲಜನಕ ಮುಗಿದುಹೋಯಿತೆಂಬುದು ಮುಖ್ಯ ಕಾರಣವಲ್ಲ. ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡು ಒಳಗೆ ಉಳಿದು ರಕ್ತದಲ್ಲಿ ಏರುವುದೇ ಮೆದುಳಿಗೆ ‘ಉಸಿರಾಡು, ಉಸಿರಾಡು’ ಎಂಬ ಕೂಗನ್ನು ಕಳಿಸುತ್ತದೆ. ಉಸಿರು ಹಿಡಿದವನು ಬಾಯಿ ನೀರಿನಿಂದ ಹೊರಗೆ ಬಂದ ಒಂದು ಕ್ಷಣದಲ್ಲಿ ಹಳೆಯದನ್ನು ಬಿಡಬೇಕು, ಹೊಸದನ್ನು ಎಳೆಯಬೇಕು, ಎರಡಕ್ಕೂ ಸಮಯವಿಲ್ಲ. ಆದ್ದರಿಂದ ಅವನು ತುಂಬಿದ ಎದೆಯ ಮೇಲೆ ಇನ್ನಷ್ಟು ಗಾಳಿಯನ್ನು ತುರುಕುತ್ತ ಹತ್ತು ಮೀಟರಿನಲ್ಲಿ ಸೋತುಹೋಗುತ್ತಾನೆ. ಕಾಲು ದಣಿದಿಲ್ಲ, ತೋಳು ದಣಿದಿಲ್ಲ, ಆದರೂ ಏದುಸಿರು ಬರುತ್ತಿದೆ ಎಂದರೆ ತಪ್ಪು ಇಲ್ಲಿಯೇ ಇದೆಯೆಂದು ತಿಳಿಯಬೇಕು. ಉಬ್ಬಿದ ಕೆನ್ನೆ, ಗುಳ್ಳೆಗಳೇ ಏಳದ ನೀರು, ಇವೆರಡೂ ನೋಡುವವರಿಗೆ ಅದನ್ನು ಸಾರಿ ಹೇಳುತ್ತವೆ.

ನನಗೆ ಈ ಪಾಠ ಹತ್ತಿದ್ದು ಒಂದು ಹಳೆಯ ನೆನಪಿನಿಂದ. ನಮ್ಮ ತಾಯಿ ಒಲೆಯ ಮುಂದೆ ಕುಳಿತು ಊದುಕೊಳವೆಯಲ್ಲಿ ಊದುತ್ತಿದ್ದರು. ಭರ್ರೆಂದು ಊದಿದರೆ ಬೂದಿ ಹಾರುತ್ತದೆ, ಕೆಂಡ ಹೊತ್ತುವುದಿಲ್ಲ. ತೆಳ್ಳಗೆ, ಒಂದೇ ಸಮನೆ, ಉದ್ದವಾಗಿ ಊದಬೇಕು. ನೀರೊಳಗೂ ಹಾಗೆಯೇ. ಮೂಗಿಗೆ ನೀರು ಏರುತ್ತದೆಂಬ ಹೆದರಿಕೆಗೆ ನನ್ನ ಗುರು ಹೇಳಿದ ಉಪಾಯ ಇನ್ನೂ ಸರಳ: ‘ತಂಬೂರಿ ಶ್ರುತಿ ಹಿಡಿದ ಹಾಗೆ “ಮ್” ಅಂತ ಗುನುಗ್ತಾ ಇರಿ ಸಾರ್. ಗಾಳಿ ಹೊರಗೆ ಬರ್ತಾ ಇರೋವರೆಗೆ ನೀರು ಒಳಗೆ ಬರೋದಿಲ್ಲ.’ ಅದು ನಿಜ. ನಾಲ್ಕನೆಯ ದಿನ ಮುಖವನ್ನು ನೀರಿನಲ್ಲಿಟ್ಟು ಗುನುಗಿದೆ. ಪಕ್ಕದಲ್ಲಿದ್ದ ಮಕ್ಕಳು, ‘ತಾತ ನೀರೊಳಗೆ ಹಾಡ್ತಾರೆ’ ಎಂದು ನಕ್ಕರು. ಕೂಡಲೇ ತಲೆ ಎತ್ತಿದೆ; ಬಾಯಿತುಂಬ ನೀರು. ಇದನ್ನು ಮರೆಯಬೇಡಿ, ಇದಕ್ಕೆ ಮತ್ತೆ ಬರುತ್ತೇನೆ.

ಎರಡನೆಯ ವಾರ ಅವನು ಒಂದು ಸ್ಟೀಲು ಲೋಟವನ್ನು ನೀರಿಗೆ ಹಾಕಿ, ‘ತೆಗೆದುಕೊಡಿ ಸಾರ್’ ಎಂದ. ಇದು ಬಹಳ ಹಳೆಯ ಪಾಠ. ಸಿಡಿಲು ವಿದ್ಯುತ್ತೇ ಎಂದು ತೋರಿಸಲು ಗಾಳಿಪಟದ ಪ್ರಯೋಗವನ್ನು ಹೂಡಿದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಳ್ಳೆಯ ಈಜುಗಾರರೂ ಆಗಿದ್ದರು. ಆಲಿವರ್ ನೀವ್ ಎಂಬ ಪರಿಚಿತರು ಈಜು ಕಲಿಯಲು ತಮಗೆ ವಯಸ್ಸು ಮೀರಿತೆಂದು ಹಿಂಜರಿದಾಗ ಫ್ರಾಂಕ್ಲಿನ್, 1769ಕ್ಕೆ ಮುಂಚೆ, ಅವರಿಗೊಂದು ಕಾಗದ ಬರೆದರು. ಎದೆಮಟ್ಟದ ನೀರಿಗೆ ಹೋಗಿ ದಡದ ಕಡೆಗೆ ಮುಖ ಮಾಡಿ ನಿಲ್ಲಬೇಕು. ತನಗೂ ದಡಕ್ಕೂ ನಡುವೆ ಒಂದು ಕೋಳಿಮೊಟ್ಟೆಯನ್ನು ಹಾಕಬೇಕು. ನೀರು ತಿಳಿಯಾಗಿರುವುದರಿಂದ ಅದು ತಳದಲ್ಲಿ ಕಾಣುತ್ತದೆ. ಕಣ್ಣು ತೆರೆದು ಮುಳುಗಿ ಅದನ್ನು ಎತ್ತಲು ಹೋಗಬೇಕು, ಎಂಬುದು ಅವರ ಸಲಹೆ. ಹೋಗುವುದು ಆಳ ಕಡಮೆಯಿರುವ ಕಡೆಗೇ ಆದ್ದರಿಂದ ಅಪಾಯವಿಲ್ಲ. ಹಾಗೆ ಹೋದವನಿಗೆ ತಿಳಿಯುವ ಸಂಗತಿಯೇನೆಂದರೆ, ಮುಳುಗುವುದು ತಾನೆಣಿಸಿದಷ್ಟು ಸುಲಭವಲ್ಲ. ನೀರು ಅವನನ್ನು ಮೇಲಕ್ಕೆ ತಳ್ಳುತ್ತದೆ. ನನಗೂ ಲೋಟ ಸಿಕ್ಕಲಿಲ್ಲ. ಕೈ ಚಾಚಿದಷ್ಟೂ ಬೆನ್ನು ಮೇಲೇರುತ್ತಿತ್ತು. ಐವತ್ತೆಂಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದನ್ನು ಬೇಕೆಂದು ಮಾಡಹೋದರೂ ಆಗಲಿಲ್ಲ.

ಇದಕ್ಕೆ ಲೆಕ್ಕವುಂಟು. ಮನುಷ್ಯದೇಹದ ಸಾಂದ್ರತೆ ಸುಮಾರಾಗಿ ನೀರಿನಷ್ಟೇ. ಎದೆ ತುಂಬ ಗಾಳಿಯಿದ್ದಾಗ ಸ್ವಲ್ಪ ಕಡಮೆ, ಗಾಳಿಯನ್ನು ಪೂರ್ತಿ ಬಿಟ್ಟಾಗ ಸ್ವಲ್ಪ ಹೆಚ್ಚು. ಒಂದು ಲೀಟರು ಗಾಳಿ ಸುಮಾರು ಒಂದು ಕಿಲೋ ತೂಕವನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ. ಎದೆ ತುಂಬಿದಾಗ ನಾಲ್ಕೈದು ಲೀಟರು ಗಾಳಿ ನಮ್ಮೊಳಗಿರುತ್ತದೆ. ಕೊಬ್ಬು ನೀರಿಗಿಂತ ಹಗುರ. ಆದ್ದರಿಂದ ನನ್ನ ಹೊಟ್ಟೆ, ದಡದಲ್ಲಿ ಎಷ್ಟು ಅವಮಾನಕರವಾಗಿತ್ತೋ, ನೀರಿನಲ್ಲಿ ಅಷ್ಟೇ ಉಪಕಾರಿಯಾಗಿತ್ತು. ತೇಲುವುದರ ಮಟ್ಟಿಗೆ ಸಣಕಲು ಹುಡುಗನಿಗಿಂತ ದುಂಡಗಿನ ಮುದುಕನಿಗೇ ಹೆಚ್ಚು ಅನುಕೂಲ. ಪ್ರಾಯ ಬಾಧಿಸುವುದು ಬೇರೆ ಕಡೆ: ಹರಡಿನ ಕೀಲು ಬಿರುಸಾಗಿರುತ್ತದೆ, ಭುಜ ಹಿಂದಕ್ಕೆ ತಿರುಗುವುದಿಲ್ಲ. ಪಾದವನ್ನು ನೀಳವಾಗಿ ಚಾಚಲಾರದವನು ಕಾಲು ಬಡಿದಷ್ಟೂ ನಿಂತಲ್ಲೇ ನಿಲ್ಲುತ್ತಾನೆ. ಇದು ಪೂರ್ತಿ ಸರಿಹೋಗುವುದಿಲ್ಲ, ನನಗೂ ಸರಿಹೋಗಿಲ್ಲ.

ತೇಲುವುದು ಇಷ್ಟು ಸಹಜವಾಗಿದ್ದರೆ ಜನ ಮುಳುಗುವುದೇಕೆ? ಉತ್ತರ ಕತ್ತಿನಲ್ಲಿದೆ. ನಮ್ಮ ಕಡೆಯ ಹಳೆಯ ಏತವನ್ನು ನೆನೆಯಿರಿ: ನಡುವೆ ಆಸರೆ, ಒಂದು ತುದಿ ಮೇಲೆ ಹೋದರೆ ಇನ್ನೊಂದು ಕೆಳಗೆ. ನೀರಿನಲ್ಲಿ ಬೋರಲು ಮಲಗಿದ ದೇಹಕ್ಕೆ ಗಾಳಿ ತುಂಬಿದ ಎದೆಯೇ ಆಸರೆ. ಒಂದು ತುದಿಯಲ್ಲಿ ತಲೆ, ಇನ್ನೊಂದರಲ್ಲಿ ಕಾಲು. ತಲೆಯ ತೂಕ ನಾಲ್ಕೂವರೆ ಕಿಲೋ ಆಸುಪಾಸು. ನೀರೊಳಗಿದ್ದಾಗ ಅದನ್ನು ನೀರೇ ಹೊರುತ್ತದೆ. ಹೊರಗೆತ್ತಿದಿರೋ, ಅಷ್ಟೂ ಭಾರ ಮೇಲಿನಿಂದ ದೇಹವನ್ನು ಒತ್ತುತ್ತದೆ. ಜೊತೆಗೆ ಬೆನ್ನು ಬಾಗಿ, ಸೊಂಟ ಕುಸಿದು, ಕಾಲು ಕೆಳಗಿಳಿಯುತ್ತದೆ. ಕಾಲು ಇಳಿದದ್ದು ತಿಳಿಯುತ್ತಲೇ ಹೆದರಿಕೆಯಾಗುತ್ತದೆ. ಹೆದರಿದವನು ತಲೆಯನ್ನು ಇನ್ನಷ್ಟು ಎತ್ತುತ್ತಾನೆ. ಮುಳುಗುವವನನ್ನು ಮುಳುಗಿಸುವುದು ಮುಳುಗಬಾರದೆಂಬ ಆ ಪ್ರಯತ್ನವೇ. ತಪ್ಪನ್ನು ಕಂಡುಕೊಳ್ಳುವ ಗುರುತು ಬಹಳ ಸುಲಭ. ಈಜುವಾಗ ಎದುರಿನ ಗೋಡೆ ಕಂಡರೆ ತಲೆ ಎತ್ತಿದ್ದೀರಿ. ಕೊಳದ ತಳದಲ್ಲಿ ಬಳಿದ ಕಪ್ಪು ಪಟ್ಟೆ ನೇರ ಕೆಳಗೆ ಕಂಡರೆ ಸರಿಯಾಗಿದ್ದೀರಿ.

ಇನ್ನು ನಾಚಿಕೆಯ ಮಾತು. ನೀರೊಳಗೆ ಗುನುಗಿದಾಗ ಮಕ್ಕಳು ನಕ್ಕರು, ನಾನು ತಲೆ ಎತ್ತಿದೆ ಎಂದೆನಲ್ಲ, ಅದು ಒಂದು ಸಲದ ಮಾತಲ್ಲ. ದಡದಲ್ಲಿ ಯಾರಾದರೂ ನಿಂತರೆ ತಲೆ ಏಳುತ್ತಿತ್ತು. ಪರಿಚಯದ ದನಿ ಕೇಳಿದರೆ ಏಳುತ್ತಿತ್ತು. ಮಕ್ಕಳನ್ನು ಕರೆತಂದ ತಾಯಂದಿರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆ, ಅದರಲ್ಲಿ ನಾನೂ ಬಿದ್ದಿರುವೆನೇನೋ ಎಂದು ನೋಡಲು ಏಳುತ್ತಿತ್ತು. ಭಯಪಟ್ಟವನು ಗಾಳಿಗಾಗಿ ತಲೆ ಎತ್ತುತ್ತಾನೆ, ನಾಚಿದವನು ಯಾರು ನೋಡಿದರೆಂದು ತಲೆ ಎತ್ತುತ್ತಾನೆ. ನೀರಿಗೆ ಈ ಎರಡರ ಭೇದ ತಿಳಿಯದು. ಎರಡಕ್ಕೂ ಅದು ಕೊಡುವ ಫಲ ಒಂದೇ. ನಾಚಿಕೆಯಾದವನು ತಲೆ ತಗ್ಗಿಸುತ್ತಾನೆ ಎನ್ನುವುದು ದಡದ ವ್ಯವಹಾರ. ನೀರಿನಲ್ಲಿ ನಾಚಿಕೆ ತಲೆಯನ್ನು ಎತ್ತಿಸುತ್ತದೆ.

ನಾಚಿಕೆ ಇದಕ್ಕಿಂತ ದೊಡ್ಡ ಅಪಾಯವನ್ನೂ ತರುತ್ತದೆ. ಅದನ್ನು ನಾನು ಅನುಭವಿಸಿಯೇ ಕಲಿತೆ. ಮೂರನೆಯ ವಾರ ಮಕ್ಕಳೆಲ್ಲ ಗೋಡೆಗೆ ಕಾಲೊತ್ತಿ ಬಾಣದಂತೆ ಜಾರಿ ಹೋಗುತ್ತಿದ್ದಾಗ ನಾನಿನ್ನೂ ಮೊಣಕಾಲು ತಬ್ಬಿಕೊಂಡು ಉಂಡೆಯಾಗಿ ತೇಲುವುದನ್ನು ಅಭ್ಯಾಸ ಮಾಡುತ್ತಿದ್ದೆ. ಆ ಸಾಲಿನಲ್ಲಿ ಒಂಟಿಯಾಗಿ ನಿಲ್ಲಲಾರದೆ, ಅಂಚು ಹಿಡಿದುಕೊಂಡು ಮೆಲ್ಲನೆ ದೊಡ್ಡವರ ಕಡೆಗೆ ಸರಿದೆ. ಕೊಳದ ತಳ ಒಂದೆಡೆ ಇಳಿಜಾರಾಗುತ್ತದೆಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಕೈ ಜಾರಿತು, ಕಾಲಿಗೆ ನೆಲ ಸಿಗಲಿಲ್ಲ. ಮುಳುಗುವವರು ಕೈಬೀಸಿ ಕೂಗುತ್ತಾರೆಂದು ನಾವು ಸಿನಿಮಾದಲ್ಲಿ ನೋಡಿದ್ದೇವೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುವಾಗ ಉಸಿರೆಳೆಯಲೇ ಸಮಯವಿಲ್ಲ, ಇನ್ನು ಕೂಗುವುದೆಲ್ಲಿ? ಕೈಗಳು ಬೀಸುವುದಿಲ್ಲ, ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ನೋಡುವವರಿಗೆ ಅದು ಅಭ್ಯಾಸದಂತೆಯೇ ಕಾಣುತ್ತದೆ. ಸತ್ಯ ಹೇಳಬೇಕೆಂದರೆ, ಮೊದಲ ಒಂದೆರಡು ಕ್ಷಣ ನನಗೆ ಕೂಗಬಹುದಾಗಿತ್ತು. ಬೆಳಗಿನ ಹೊತ್ತು, ಅಷ್ಟು ಜನರ ಮುಂದೆ ಕೂಗುವುದೇ ಎಂದು ಸುಮ್ಮನಾದೆ. ಆ ಮೇಲೆ ಕೂಗಲು ಆಗಲಿಲ್ಲ. ನನ್ನನ್ನು ಗಮನಿಸಿದವಳು ನಮ್ಮ ತಂಡದ ಒಂದು ಪುಟ್ಟ ಹುಡುಗಿ. ‘ಅಣ್ಣಾ, ತಾತ ನೀರು ಕುಡೀತಿದ್ದಾರೆ’ ಎಂದು ಅವಳು ಕೂಗಿದ್ದೇ ತಡ, ಗುರು ಧುಮುಕಿ ನನ್ನ ಕಂಕುಳಿಗೆ ಕೈಹಾಕಿ ಎಳೆದು ತಂದ.

ಕೆಮ್ಮು ನಿಂತ ಮೇಲೆ ಅವನು ನನ್ನನ್ನು ಗದರಲಿಲ್ಲ. ‘ಸಾರ್, ನಿಮಗೆ ತೇಲೋದು ಬಂದಿದೆ. ನಿಲ್ಲೋದು ಬಂದಿಲ್ಲ. ಅದನ್ನು ಹೇಳಿಕೊಡದೆ ಬಿಟ್ಟದ್ದು ನನ್ನ ತಪ್ಪು’ ಎಂದ. ದೊಡ್ಡವಯಸ್ಸಿನಲ್ಲಿ ಕಲಿಯುವವರಿಗೆ ಇದಕ್ಕಿಂತ ಮುಖ್ಯವಾದ ಪಾಠವಿಲ್ಲವೆಂದು ನನ್ನ ನಂಬಿಕೆ. ನಮ್ಮ ಹೆದರಿಕೆ ಮುಳುಗುವುದರದ್ದೆಂದು ನಾವೆಣಿಸುತ್ತೇವೆ. ನಿಜವಾಗಿ ಅದು, ಮಲಗಿದ ಭಂಗಿಯಿಂದ ಮತ್ತೆ ಕಾಲಮೇಲೆ ನಿಲ್ಲುವುದು ಹೇಗೆಂದು ತಿಳಿಯದ ಹೆದರಿಕೆ. ಕ್ರಮ ಹೀಗೆ. ಬೋರಲು ತೇಲುತ್ತಿರುವಾಗ ಮೊದಲು ಎರಡು ಮೊಣಕಾಲುಗಳನ್ನೂ ಎದೆಯತ್ತ ಎಳೆದುಕೊಳ್ಳಬೇಕು. ಅದೇ ಹೊತ್ತಿಗೆ ಚಾಚಿದ ಕೈಗಳಿಂದ ನೀರನ್ನು ಕೆಳಕ್ಕೆ, ತೊಡೆಯ ಕಡೆಗೆ, ಒತ್ತಬೇಕು. ಸೊಂಟ ತಾನಾಗಿ ಕೆಳಗೆ ಬಂದು ದೇಹ ನೆಟ್ಟಗಾಗುತ್ತದೆ. ಪಾದಗಳು ನೆಲ ಮುಟ್ಟಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ತಲೆ ಎತ್ತಬೇಕು. ಹೆದರಿದವನು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ತಲೆ ಎತ್ತುತ್ತಾನೆ. ಕಾಲು ನೆಲ ಸಿಗದೆ ಹಿಂದೆ ತೇಲಾಡುತ್ತದೆ. ಎದೆಮಟ್ಟದ ನೀರಿನಲ್ಲಿ ದಿನಕ್ಕೆ ಇಪ್ಪತ್ತು ಸಲದಂತೆ ಒಂದು ವಾರ ಇದನ್ನೇ ಮಾಡಿದೆ. ಬೇಕಾದಾಗ ನಿಲ್ಲಬಲ್ಲೆನೆಂದು ಮೈಗೆ ತಿಳಿದ ದಿನ ಕತ್ತಿನ ಬಿಗಿ ತಾನಾಗಿ ಸಡಿಲಿತು.

ಆ ಘಟನೆಯ ನಂತರ ನಾಚಿಕೆಯೂ ಕಡಮೆಯಾಯಿತು. ಕಾಪಾಡಿದವಳ ಮುಂದೆ ಗಾಂಭೀರ್ಯ ನಟಿಸುವುದು ಕಷ್ಟ. ಆ ಹುಡುಗಿ ನನ್ನ ಮೇಲ್ವಿಚಾರಣೆಯನ್ನು ತಾನೇ ವಹಿಸಿಕೊಂಡಳು. ‘ತಾತ, ತಲೆ ಕೆಳಗೆ! ಗುಳ್ಳೆ ಬರ್ತಾ ಇಲ್ಲ!’ ಎಂದು ದಿನವೂ ತಿದ್ದುತ್ತಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಮಕ್ಕಳು ನಗುತ್ತಾರೆ, ಆದರೆ ನಕ್ಕು ಮರೆಯುತ್ತಾರೆ. ತಮಗೂ ನಿನ್ನೆಯವರೆಗೆ ಬರುತ್ತಿರಲಿಲ್ಲವೆಂಬುದು ಅವರಿಗೆ ಹತ್ತಿರದ ನೆನಪು. ನೆನಪಿಟ್ಟುಕೊಂಡು ಕೊರಗುವವರು ನಾವು.

ಅಲ್ಲಿಂದ ಮುಂದೆ ಕೆಲಸ ನಿಧಾನವಾದರೂ ದಾರಿ ನೇರವಾಗಿತ್ತು. ಕಷ್ಟವಾದದ್ದು ಈಜುತ್ತ ಉಸಿರೆಳೆಯುವುದು. ಅಲ್ಲಿಯೂ ತಲೆ ಎತ್ತಬಾರದು, ಹೊರಳಿಸಬೇಕು. ಮೈಯೊಂದಿಗೇ ತಲೆಯನ್ನು ಪಕ್ಕಕ್ಕೆ ಉರುಳಿಸಿ, ಒಂದು ಕಿವಿಯನ್ನು ದಿಂಬಿನ ಮೇಲಿಟ್ಟಂತೆ ನೀರಿನಲ್ಲಿಯೇ ಬಿಟ್ಟು, ಬಾಯಿಯ ಒಂದು ಕೊನೆ ಹೊರಬಂದರೆ ಸಾಕು. ಉಸಿರನ್ನು ಆಗಲೇ ನೀರೊಳಗೆ ಬಿಟ್ಟಿರುವುದರಿಂದ ಎಳೆಯುವುದಷ್ಟೇ ಬಾಕಿ. ಹನ್ನೊಂದನೆಯ ವಾರದ ಒಂದು ಬೆಳಗ್ಗೆ ಇಪ್ಪತ್ತೈದು ಮೀಟರಿನ ಕೊಳವನ್ನು ಈ ಗೋಡೆಯಿಂದ ಆ ಗೋಡೆಗೆ, ನಡುವೆ ನಿಲ್ಲದೆ, ದಾಟಿದೆ. ಅಷ್ಟರಲ್ಲಿ ನನ್ನ ಮೇಲ್ವಿಚಾರಕಿ ಹೋಗಿ ಮರಳಿ ಬಂದಿದ್ದಳು.

ನನ್ನ ವಯಸ್ಸಿನವರು ಯಾರಾದರೂ ಹೊರಡುವುದಾದರೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಎದೆಮಟ್ಟದ ನೀರು ಕಾಲಿನ ರಕ್ತವನ್ನು ಎದೆಯ ಕಡೆಗೆ ಒತ್ತಿ ಹೃದಯದ ಕೆಲಸವನ್ನು ಹೆಚ್ಚಿಸುತ್ತದೆ; ಹೃದಯದ ತೊಂದರೆಯಾಗಲಿ ರಕ್ತದೊತ್ತಡವಾಗಲಿ ಇದ್ದವರು ವೈದ್ಯರನ್ನು ಕೇಳಿಯೇ ಇಳಿಯಬೇಕು. ಎರಡನೆಯದು, ಮುಳುಗುವ ಮುಂಚೆ ಬೇಗಬೇಗ ಹತ್ತಾರು ಸಲ ಉಸಿರಾಡಿಕೊಳ್ಳುವ ಚಪಲ. ಅದರಿಂದ ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ, ಇಂಗಾಲದ ಡೈಆಕ್ಸೈಡು ಮಾತ್ರ ಇಳಿದು, ‘ಉಸಿರಾಡು’ ಎಂಬ ಎಚ್ಚರಿಕೆಯ ಕೂಗು ಏಳುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪಬಹುದು. ಇವಕ್ಕೆ ಮೂರನೆಯದನ್ನು ಸೇರಿಸುವುದಾದರೆ, ಯಾರೂ ನೋಡದ ಹೊತ್ತನ್ನು ಹುಡುಕಿಕೊಂಡು ಒಬ್ಬರೇ ಹೋಗಬೇಡಿ. ನಾಚಿಕೆ ನಮ್ಮನ್ನು ಕಳಿಸುವುದು ಅಲ್ಲಿಗೇ. ನೋಡುವ ಕಣ್ಣು ಒಂದಾದರೂ ಇರಲಿ, ಅದು ನಗುವ ಕಣ್ಣಾದರೂ ಸರಿ.

ಮರುವರ್ಷದ ಮಾಘದಲ್ಲಿ ತಾಯಿಯ ವರ್ಷಾಬ್ದಿಕಕ್ಕೆ ಮತ್ತೆ ಪಶ್ಚಿಮವಾಹಿನಿಗೆ ಹೋದೆವು. ಹೊಳೆ ಕೊಳವಲ್ಲ, ಅಲ್ಲಿ ಸೆಳೆತವುಂಟು, ಕಾಣದ ಗುಂಡಿಗಳುಂಟು, ಪಾಚಿಗಟ್ಟಿದ ಕಲ್ಲುಗಳುಂಟು. ಈಜು ಬಂತೆಂದು ನಾನು ಅಲ್ಲಿ ಈಜಲು ಹೋಗಲಿಲ್ಲ. ಮಗನ ಕೈ ಹಿಡಿದು ಮೆಟ್ಟಿಲ ಬಳಿಯ ಸೊಂಟಮಟ್ಟದ ನೀರಿನಲ್ಲಿ ನಿಂತೆ. ತಲೆ ತಗ್ಗಿಸಿದೆ. ಒಲೆ ಊದುವಂತೆ ತೆಳ್ಳಗೆ ಉಸಿರು ಬಿಡುತ್ತ ಒಂದು, ಎರಡು, ಮೂರು ಸಲ ಮುಳುಗಿ ಎದ್ದೆ. ದಡದಲ್ಲಿ ನಿಂತಿದ್ದ ಮೊಮ್ಮಗ, ‘ತಾತ, ಗುಳ್ಳೆ ಬಂತು’ ಎಂದ.